ಸವೆದ ಶಾಸನಕ್ಕೆ ಮೈದಾ ಬೇಡ ಸ್ವಾಮಿ, ಟಾರ್ಚ್ ತನ್ನಿ

ಪ್ರಶ್ನೆ: "ನಮ್ಮೂರ ಕೆರೆ ಏರಿ ಹತ್ತಿರ ಒಂದು ಶಾಸನದ ಕಲ್ಲಿದೆ. ಅಕ್ಷರ ಸವೆದಿದೆ. ಫೋಟೊ ತೆಗೆದರೆ ಬರೀ ಕಲ್ಲು ಕಾಣುತ್ತೆ. ಮೈದಾ ಹಿಟ್ಟು ಹಚ್ಚಿ ತೆಗೆಯಬಹುದಾ?"

ಈ ತಿಂಗಳಲ್ಲಿ ಇದೇ ಪ್ರಶ್ನೆ ನಾಲ್ಕನೇ ಸಲ. ಮೈದಾ ಬದಲು ಒಬ್ಬರು ವಿಭೂತಿ ಅಂದಿದ್ದರು, ಇನ್ನೊಬ್ಬರು ಸೀಮೆಸುಣ್ಣ, ಮತ್ತೊಬ್ಬರು ರಂಗೋಲಿ ಪುಡಿ. ಎಲ್ಲದಕ್ಕೂ ಉತ್ತರ ಒಂದೇ: ಬೇಡ. ಕತ್ತಲಾದ ಮೇಲೆ ಹೋಗಿ, ಕ್ಯಾಮೆರಾ ಅಲುಗಾಡದಂತೆ ನಿಲ್ಲಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೊ ತೆಗೆದು, ಎದುರುಬದುರು ಇರುವ ಎರಡನ್ನು ಒಂದರಿಂದ ಒಂದು ಕಳೆಯಿರಿ. ಅಷ್ಟೇ. ಹೇಗೆ ಅಂತ ಮುಂದೆ ಹೇಳುತ್ತೇನೆ, ಆದರೆ ಮೊದಲು ಈ ಹಿಟ್ಟಿನ ಕಥೆ ಮುಗಿಸಿಬಿಡೋಣ.

"ಹಿಟ್ಟು ಹಚ್ಚಿದರೆ ಅಕ್ಷರ ಎದ್ದು ಕಾಣುತ್ತೆ, ನಾನೇ ನೋಡಿದ್ದೀನಿ" ಅಂತ ಎಲ್ಲರೂ ಹೇಳುತ್ತಾರೆ. ನಿಜ, ಕಾಣುತ್ತೆ. ಯಾವ ಅಕ್ಷರ ಕಾಣುತ್ತೆ ಅನ್ನೋದನ್ನು ಮಾತ್ರ ಯಾರೂ ಗಮನಿಸಲ್ಲ. ಹಿಟ್ಟು ಹಚ್ಚಿ ಒರೆಸಿದಾಗ ಆಳ ಇರುವ ಗೀರಿನಲ್ಲಿ ಮಾತ್ರ ಅದು ನಿಲ್ಲುತ್ತೆ. ಆಳ ಇರುವ ಅಕ್ಷರವನ್ನು ನೀವು ಹಿಟ್ಟಿಲ್ಲದೆಯೇ ಓದುತ್ತೀರಿ. ಸವೆದ ಅಕ್ಷರದಲ್ಲಿ ಉಳಿದಿರುವುದು ಒಂದು ಮಿಲಿಮೀಟರಿಗಿಂತ ಕಡಿಮೆ ತಗ್ಗು. ಅಲ್ಲಿಂದ ಹಿಟ್ಟು ಬಟ್ಟೆಯ ಜೊತೆಗೇ ಹೊರಟುಹೋಗುತ್ತೆ. ಬೇಕಿಲ್ಲದ ಕಡೆ ಕೆಲಸ ಮಾಡಿ, ಬೇಕಾದ ಕಡೆ ಕೈ ಕೊಡುವ ಉಪಾಯ ಇದು!

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಹಿಟ್ಟಿಗೆ ಅಕ್ಷರ ಯಾವುದು, ಚಕ್ಕೆ ಎದ್ದ ಗುಂಡಿ ಯಾವುದು ಅಂತ ಗೊತ್ತಾಗಲ್ಲ. ಎರಡನ್ನೂ ಬೆಳ್ಳಗೆ ತುಂಬುತ್ತೆ. ಆಗ ನೀವು ಸೀಮೆಸುಣ್ಣ ತಗೊಂಡು "ಇದು ಅಕ್ಷರ ಇರಬೇಕು" ಅಂದುಕೊಂಡಿದ್ದನ್ನು ತಿದ್ದುತ್ತೀರಿ. ಫೋಟೊದಲ್ಲಿ ಉಳಿಯುವುದು ಕಲ್ಲು ಹೇಳಿದ್ದಲ್ಲ, ನೀವು ಊಹಿಸಿದ್ದು. ಮುಂದೆ ಬರುವವರು ನಿಮ್ಮ ಊಹೆಯನ್ನೇ ಓದುತ್ತಾರೆ.

"ಹಳೇ ವಿದ್ವಾಂಸರೂ ಮಸಿ ಹಚ್ಚುತ್ತಿದ್ದರಲ್ಲ ಸಾರ್?" ಅನ್ನುತ್ತಾರೆ. ಇಲ್ಲ, ಅವರು ಕಲ್ಲಿಗೆ ಹಚ್ಚುತ್ತಿರಲಿಲ್ಲ. ಪಡಿಯಚ್ಚು ತೆಗೆಯುವಾಗ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಶ್‌ನಿಂದ ಬಡಿದು, ಕಾಗದವನ್ನು ಗೀರಿನೊಳಕ್ಕೆ ಇಳಿಸುತ್ತಾರೆ. ಆಮೇಲೆ ಕಾಗದದ ಮೇಲೆ ಮಸಿ ಒತ್ತುತ್ತಾರೆ. ಮಸಿ ಸಮತಟ್ಟಾದ ಭಾಗಕ್ಕೆ ಹತ್ತುತ್ತೆ, ತಗ್ಗು ಬೆಳ್ಳಗೆ ಉಳಿಯುತ್ತೆ. ಅಲ್ಲಿ ಯಾವುದು ಅಕ್ಷರ ಅಂತ ಯಾರೂ ತೀರ್ಮಾನ ಮಾಡಲ್ಲ, ಕಲ್ಲೇ ಮಾಡುತ್ತೆ. ಬಿ.ಎಲ್. ರೈಸ್ ಅವರ 1905ರ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟ ಇದೆಯಲ್ಲ, ಎಪಿಗ್ರಾಫಿಯಾ ಕರ್ನಾಟಿಕಾದ 9ನೇದು, ನಿಮ್ಮೂರ ಕಲ್ಲು ಅದರಲ್ಲಿ ಆಗಲೇ ಇದೆಯಾ ಅಂತ ಮೊದಲು ನೋಡಿ. ಎಷ್ಟೋ ಸಲ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ಹಚ್ಚಿದ್ದು ಪೂರ್ತಿ ಹೋಗುತ್ತೆ ಅನ್ನೋದೂ ಸುಳ್ಳು. ಪುಡಿ ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಕೂತುಬಿಡುತ್ತೆ. ಮುಂದಿನ ಎಲ್ಲ ಫೋಟೊಗಳಲ್ಲೂ ಬಿಳಿ ಚುಕ್ಕಿ. ಎಣ್ಣೆ, ಪೇಂಟ್ ಬಗ್ಗೆ ಕೇಳಲೇಬೇಡಿ. ಕಲ್ಲಿನ ಮೇಲೆ ಧೂಳಿದ್ದರೆ ಮೆತ್ತನೆ ಬ್ರಶ್‌ನಿಂದ ಹೊಡೆಯಿರಿ, ಸಾಕು.

ಸರಿ, ಈಗ ಬೆಳಕು.

ನಮ್ಮ ಬೆಂಗಳೂರಿನ ಕಲ್ಲಿಗೆ ಒಂದು ಗುಣ ಇದೆ. ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ಲ, ಬಿಳಿ ಪಟ್ಟೆ, ಕಪ್ಪು ಪಟ್ಟೆ, ನಡುವೆ ಮಿಂಚುವ ಅಭ್ರಕದ ಚೂರು. ಸುತ್ತಮುತ್ತಲಿನ ಎಷ್ಟೋ ಶಾಸನದ ಕಲ್ಲುಗಳು ಈ ಜಾತಿಯವೇ. ಹಗಲಲ್ಲಿ ಕಣ್ಣಿಗೆ ಮೊದಲು ಬೀಳುವುದು ಈ ಬಣ್ಣ. ಅದರ ಮೇಲೆ ಪಾಚಿ, ಕುಂಕುಮ, ಎಣ್ಣೆ ಜಿಡ್ಡು. ಅಕ್ಷರ ಅನ್ನೋದು ಬಣ್ಣ ಅಲ್ಲ, ತಗ್ಗು. ಹಾಗಾಗಿ ನಮಗೆ ಬೇಕಾಗಿರೋದು ಬಣ್ಣವನ್ನು ಮರೆಸಿ ತಗ್ಗನ್ನು ತೋರಿಸುವ ಬೆಳಕು.

ಒಂದು ಮಿಲಿಮೀಟರ್ ತಗ್ಗಿನ ಅಂಚಿಗೆ 45 ಡಿಗ್ರಿಯಲ್ಲಿ ಬೆಳಕು ಬಿಟ್ಟರೆ ನೆರಳೂ ಒಂದೇ ಮಿಲಿಮೀಟರ್. ಬೆಳಕಿಗೂ ಕಲ್ಲಿಗೂ ನಡುವೆ 10 ಡಿಗ್ರಿ ಮಾತ್ರ ಉಳಿಯುವ ಹಾಗೆ ಟಾರ್ಚನ್ನು ಬಗ್ಗಿಸಿದರೆ ಅದೇ ಅಂಚಿನ ನೆರಳು ಐದೂವರೆ ಮಿಲಿಮೀಟರ್ ದಾಟುತ್ತೆ. ಅದಕ್ಕೇ ಸವೆದ ಅಕ್ಷರ ಪಟ್ಟನೆ ಎದ್ದು ಬರುವುದು. ಹಾಗಂತ ಪೂರ್ತಿ ಮಲಗಿಸಬೇಡಿ. ಒರಟು ಕಲ್ಲಿನಲ್ಲಿ ಪ್ರತಿ ಕಾಳಿಗೂ ನೆರಳು ಬಿದ್ದು ಅಕ್ಷರ ಆ ಗದ್ದಲದಲ್ಲಿ ಮುಳುಗುತ್ತೆ. ನಾನು 25 ಡಿಗ್ರಿಯಿಂದ ಶುರು ಮಾಡಿ ಮೆಲ್ಲಗೆ ಇಳಿಸುತ್ತಾ ಹೋಗುತ್ತೇನೆ, ಕಲ್ಲು ಗೋಧಿ ರವೆ ಥರ ಕಾಣತೊಡಗಿದರೆ ಇಳಿದದ್ದು ಜಾಸ್ತಿ ಆಯ್ತು ಅಂತ ಅರ್ಥ.

ಟಾರ್ಚ್ ದೂರ ಇರಬೇಕು. ಹತ್ತಿರ ಹಿಡಿದರೆ ಈ ಅಂಚು ಸುಟ್ಟ ಹಾಗೆ ಬೆಳ್ಳಗೆ, ಆ ಅಂಚು ಕತ್ತಲು. ಫೋಟೊದಲ್ಲಿ ಬರುವ ಭಾಗ ಎಷ್ಟು ಅಗಲವೋ ಅದರ ಮೂರು ನಾಲ್ಕು ಪಟ್ಟು ದೂರ ಒಳ್ಳೆಯದು. ಅದಕ್ಕೇ ನಾಲ್ಕಡಿ ಕಲ್ಲನ್ನು ಒಂದೇ ಸಲ ತೆಗೆಯದೆ ಎರಡೆರಡು ಅಡಿ ಮಾಡಿಕೊಳ್ಳಿ, ಆಗ ಟಾರ್ಚ್ ಹಿಡಿದವರು ಆರೆಂಟು ಅಡಿ ದೂರ ನಿಂತರೆ ಸಾಕು. ಒಂದು ದಾರ ಕಟ್ಟಿಕೊಂಡರೆ ಪ್ರತಿ ಸಲವೂ ಅದೇ ದೂರ ಸಿಗುತ್ತೆ.

ಮೊಬೈಲ್ ಆದರೂ ಪರವಾಗಿಲ್ಲ, ಟ್ರೈಪಾಡ್ ಇರಲೇಬೇಕು. ಫೋಕಸ್, ಎಕ್ಸ್‌ಪೋಶರ್ ಎರಡೂ ಲಾಕ್ ಮಾಡಿ, ಎರಡು ಸೆಕೆಂಡ್ ಟೈಮರ್ ಇಡಿ. ಎಚ್‌ಡಿಆರ್, ನೈಟ್ ಮೋಡ್ ಆಫ್ ಮಾಡಿ, ಯಾಕಂದ್ರೆ ಅವುಗಳ ಕೆಲಸವೇ ನೆರಳನ್ನು ತುಂಬುವುದು. ನಾವು ಕಷ್ಟಪಟ್ಟು ಹುಟ್ಟಿಸಿದ ನೆರಳನ್ನು ಫೋನ್ ಜಾಣತನದಿಂದ ಅಳಿಸಿಹಾಕುತ್ತೆ.

ಈಗ ದಿಕ್ಕು. ಬೆಳಕು ಹೋಗುವ ದಿಕ್ಕಿನಲ್ಲೇ ಇರುವ ಗೀರಿಗೆ ನೆರಳೇ ಬೀಳಲ್ಲ. ಕನ್ನಡಕ್ಕೆ ಇದು ಬಹಳ ಮುಖ್ಯ. ತಲೆಕಟ್ಟು ಅಡ್ಡಗೀರು, ಎಡದಿಂದ ಬೆಳಕು ಬಿಟ್ಟರೆ ಅದು ಮಾಯ. ಮೇಲಿನಿಂದ ಬಿಟ್ಟರೆ ತಲೆಕಟ್ಟು ಬರುತ್ತೆ, ನಿಂತ ಗೀರುಗಳು ಮಾಯ. ಅದಕ್ಕೇ ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಬೇಕು ಅನ್ನೋದು.

ಮನೆಗೆ ಬಂದು GIMP ಅನ್ನೋ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ತೆರೆದು, `File > Open as Layers` ಮೂಲಕ ಎಡದ್ದನ್ನು ಕೆಳಗೆ, ಬಲದ್ದನ್ನು ಮೇಲೆ ಇಡಿ. ಮೇಲಿನ ಲೇಯರಿನ ಮೋಡ್ `Grain extract` ಮಾಡಿ. ಅದು ಮಾಡುವ ಲೆಕ್ಕ ಇಷ್ಟೇ:

```
ಎಡ − ಬಲ + 128
```

ಸಮತಟ್ಟಾದ ಜಾಗಕ್ಕೆ ಎರಡೂ ಕಡೆಯಿಂದ ಒಂದೇ ಥರ ಬೆಳಕು ಬಿದ್ದಿರುತ್ತೆ, ಕಳೆದರೆ ಸೊನ್ನೆ, ಹಾಗಾಗಿ ಅದು ಬೂದು ಬಣ್ಣ ಆಗುತ್ತೆ. ಅಲ್ಲಿ ಕಪ್ಪು ಪಟ್ಟೆ ಇದ್ದರೂ, ಕುಂಕುಮ ಇದ್ದರೂ, ಪಾಚಿ ಇದ್ದರೂ ಬೂದು. ಇಳಿಜಾರು ಇರುವ ಕಡೆ ಮಾತ್ರ ವ್ಯತ್ಯಾಸ ಉಳಿಯುತ್ತೆ. ಉಳಿ ಹೊಡೆದ ಗೀರಿಗೆ ಎರಡು ದಡ ಇರುತ್ತವಲ್ಲ, ಒಂದು ಬೆಳ್ಳಗೆ, ಇನ್ನೊಂದು ಕಪ್ಪಗೆ, ಜೋಡಿಯಾಗಿ ಬರುತ್ತವೆ. ಮೇಲೆ ಕೆಳಗಿನ ಜೋಡಿಗೂ ಹೀಗೇ ಮಾಡಿ, ಎರಡು ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿ. ನಾಲ್ಕನ್ನೂ ಸೇರಿಸಿ ಸರಾಸರಿ ತೆಗೆಯೋಕೆ ಹೋಗಬೇಡಿ. ನೆರಳುಗಳು ಒಂದನ್ನೊಂದು ತಿಂದುಹಾಕಿ, ಮೋಡ ಕವಿದ ಮಧ್ಯಾಹ್ನ ತೆಗೆದ ಹಾಗೆ ಸಪ್ಪೆ ಫೋಟೊ ಸಿಗುತ್ತೆ.

ಇದರ ದೊಡ್ಡಣ್ಣನೊಂದು ಇದೆ, ಆರ್‌ಟಿಐ ಅಂತ. ಮಾಹಿತಿ ಹಕ್ಕು ಅಲ್ಲ, ರಿಫ್ಲೆಕ್ಟನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್! ಕಲ್ಲಿನ ಪಕ್ಕ ಹೊಳೆಯುವ ಕಪ್ಪು ಗೋಲಿ ಇಟ್ಟು, ನಲವತ್ತೈವತ್ತು ದಿಕ್ಕಿನಿಂದ ಫೋಟೊ ತೆಗೆದರೆ, ಗೋಲಿಯ ಮೇಲಿನ ಹೊಳಪಿನಿಂದ ಬೆಳಕು ಎಲ್ಲಿಂದ ಬಂತು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತೆ. ಆಮೇಲೆ ಸ್ಕ್ರೀನ್ ಮೇಲೆ ಬೆಳಕನ್ನು ಬೇಕಾದ ಕಡೆ ತಿರುಗಿಸಬಹುದು. ಎಚ್‌ಪಿ ಲ್ಯಾಬ್‌ನ ಟಾಮ್ ಮಾಲ್ಜ್‌ಬೆಂಡರ್ ತಂಡ 2001ರಲ್ಲಿ ಇದರ ಮೂಲ ವಿಧಾನ ಪ್ರಕಟಿಸಿತು. ನಮ್ಮ ಊರಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳ 3ಡಿ ಸ್ಕ್ಯಾನನ್ನೇ ಮಾಡುತ್ತಿದ್ದಾರೆ. ನಿಮ್ಮ ಒಂದು ಕಲ್ಲಿಗೆ ನಾಲ್ಕು ಫೋಟೊ ಸಾಕು.

ನಾನು ನೋಡಿದ ಒಂದು ಕಲ್ಲಿನ ಕಥೆ ಹೇಳುತ್ತೇನೆ. ಊರ ಹೆಸರು ಬೇಡ, ಅಲ್ಲಿಯವರು ಒಳ್ಳೆಯವರು, ಕಾಫಿ ಕೊಟ್ಟಿದ್ದಾರೆ. ಸುಮಾರು ನಾಲ್ಕಡಿ ಎತ್ತರದ ಕಲ್ಲು, ಮೇಲೆ ಸೂರ್ಯ ಚಂದ್ರ. ಯಾರೋ ಹಿಂದೆಯೇ ಸೀಮೆಸುಣ್ಣದಲ್ಲಿ ತಿದ್ದಿ ಶಕ ವರುಷ 1402 ಅಂತ ಓದಿದ್ದರು. 78 ಸೇರಿಸಿ, ಕ್ರಿ.ಶ. 1480 ಅಂತ ಫ್ಲೆಕ್ಸ್ ಕೂಡ ಬಂದಿತ್ತು. ಮೂರನೇ ಅಂಕಿ ಸುಣ್ಣದಲ್ಲಿ ಸ್ಪಷ್ಟವಾಗಿ ೦, ಪೂರ್ತಿ ಮುಚ್ಚಿದ ಉಂಗುರ. ನನ್ನ ಎಡ-ಬಲ ಚಿತ್ರದಲ್ಲೂ ಹಾಗೇ ಕಂಡಿತು, ಅನುಮಾನ ಬರಲಿಲ್ಲ. ಮೇಲೆ-ಕೆಳಗಿನ ಚಿತ್ರದಲ್ಲಿ ಮಾತ್ರ ಉಂಗುರದ ಒಂದು ಕಡೆ ಬಿಳಿ-ಕಪ್ಪು ಜೋಡಿ ದಡ ಕಾಣಲಿಲ್ಲ. ಅಲ್ಲಿದ್ದದ್ದು ಅಗಲವಾದ, ಅಂಚಿಲ್ಲದ ತಗ್ಗು. ಅಂದರೆ ಉಳಿಯ ಗೀರಲ್ಲ, ಎದ್ದುಹೋದ ಚಕ್ಕೆ. ಆ ಚಕ್ಕೆಯ ಗುಂಡಿಯಲ್ಲಿ ಸುಣ್ಣ ತುಂಬಿಕೊಂಡು ೧ರ ಬಾಯಿ ಮುಚ್ಚಿ ಅದನ್ನು ೦ ಮಾಡಿತ್ತು. ಹತ್ತು ವರ್ಷದ ವ್ಯತ್ಯಾಸ.

ಇಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ನನ್ನ ಕಣ್ಣು ಮಾತ್ರ ಸರಿ ಅಂತ ಹೇಗೆ ಹೇಳೋದು? ಶಾಸನದಲ್ಲಿ ಶಕ ವರ್ಷದ ಪಕ್ಕ ಸಂವತ್ಸರದ ಹೆಸರೂ ಸಾಮಾನ್ಯವಾಗಿ ಇರುತ್ತೆ, ಅದೇ ನಮ್ಮ ಸಾಕ್ಷಿ. ಶಕ ವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆ ಬಂದರೆ ಅರವತ್ತನೆಯದು, ಅಕ್ಷಯ. ಪರೀಕ್ಷೆ ಮಾಡಿ ನೋಡಿ: 2024ರ ಯುಗಾದಿಗೆ ಶಕ 1946 ಶುರುವಾಯಿತು, 12 ಸೇರಿಸಿದರೆ 1958, ಶೇಷ 38, ಅದು ಕ್ರೋಧಿ. ನಿಮ್ಮ ಮನೆ ಕ್ಯಾಲೆಂಡರಿನಲ್ಲೂ ಅದೇ ಇತ್ತು ಅಲ್ವಾ?

ಶಕ 1402 ಆಗಿದ್ದರೆ ಶೇಷ 34, ಶಾರ್ವರಿ. 1412 ಆದರೆ 44, ಸಾಧಾರಣ. ಸಂವತ್ಸರದ ಹೆಸರು ಇದ್ದ ಜಾಗ ಎಷ್ಟು ಸವೆದಿತ್ತು ಅಂದರೆ ಸುಣ್ಣ ಹಚ್ಚಿದವರು ಅದನ್ನು ಮುಟ್ಟಿಯೇ ಇರಲಿಲ್ಲ. ಟಾರ್ಚನ್ನು 15 ಡಿಗ್ರಿಗೆ ಇಳಿಸಿ ಆ ಸಾಲನ್ನಷ್ಟೇ ಮತ್ತೆ ತೆಗೆದೆ. ಮೊದಲ ಅಕ್ಷರ ಬರಲಿಲ್ಲ, ಅಲ್ಲಿ ಕಲ್ಲಿನ ಮೇಲ್ಪದರವೇ ಹೋಗಿದೆ, ಯಾವ ಬೆಳಕಿಗೂ ಅದು ಸಿಗಲ್ಲ. ಮುಂದಿನ ಮೂರು ಬಂದವು: ಧಾ, ರ, ಣ.

ಒಂದು ಎಚ್ಚರ. ಈ ಲೆಕ್ಕದಲ್ಲಿ ಒಂದು ವರ್ಷ ಹಿಂದೆಮುಂದೆ ಬಂದರೆ ಗಾಬರಿ ಆಗಬೇಡಿ, ಕೆಲವರು ಪೂರ್ತಿ ಮುಗಿದ ವರ್ಷಗಳನ್ನಷ್ಟೇ ಎಣಿಸುತ್ತಿದ್ದರು, ಕೆಲವರು ನಡೆಯುತ್ತಿರುವ ವರ್ಷವನ್ನೂ ಸೇರಿಸಿ. ಮೂರು, ಐದು, ಹತ್ತು ವರ್ಷ ತಪ್ಪಿದರೆ ಮೊದಲು ನಿಮ್ಮ ಓದಿನ ಮೇಲೇ ಅನುಮಾನ ಪಡಿ, ಟಾರ್ಚ್ ಹಿಡಿದು ಇನ್ನೊಂದು ರಾತ್ರಿ ಹೋಗಿ ಬನ್ನಿ. ಸರಿಯಾಗಿ 60 ವರ್ಷ ತಪ್ಪಿದ್ದರೆ ಮಾತ್ರ ಈ ಲೆಕ್ಕ ಅದನ್ನು ಹಿಡಿಯಲ್ಲ, ಅದೇ ಹೆಸರು ಮತ್ತೆ ಬಂದಿರುತ್ತೆ. ಆಗ ಶಾಸನದಲ್ಲಿ ಯಾವ ರಾಜನ ಹೆಸರಿದೆ ಅಂತ ನೋಡಬೇಕು, ಆ ಸಾಲಿಗೂ ನಾಲ್ಕು ಫೋಟೊ.