‘ಐ ನೋ’ ಸರಿ, ‘ಐ ಆಮ್ ನೋಯಿಂಗ್’ ಯಾಕೆ ಸರಿಯಲ್ಲ?

ನನ್ನ ಇಂಗ್ಲಿಷ್ ತರಗತಿಗೆ ಬರುವವರ ಬಾಯಲ್ಲಿ ‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಅನ್ನುವ ಮಾತು ಜಾಸ್ತಿ. ಅದು ಎಲ್ಲಿಂದ ಬಂತು ಅನ್ನೋದು ಸ್ಪಷ್ಟ. ಕನ್ನಡದಲ್ಲಿ ‘ಅರ್ಥ ಆಗ್ತಾ ಇಲ್ಲ’ ಅಂತೀವಿ, ಅಲ್ವಾ? ಆದರೆ ‘ನನಗೆ ಗೊತ್ತು’ ಅನ್ನಬೇಕಾದ ಕಡೆ ನಾವೂ ‘ಗೊತ್ತಾಗ್ತಾ ಇದೆ’ ಅನ್ನುವುದಿಲ್ಲ. ಹಾಗಂದರೆ ಈಗೀಗ ತಿಳಿಯುತ್ತಿದೆ ಅಂತ ಅರ್ಥವಾಗುತ್ತದೆ.

ಇಂಗ್ಲಿಷಿನಲ್ಲಿ ‘ಆಮ್’ ಮತ್ತು ‘ಇಂಗ್’ ಸೇರಿದಾಗ, ಶುರುವಾಗಿ ಇನ್ನೂ ಮುಗಿಯದ ಕೆಲಸದ ನಡುವೆ ಇದ್ದೇನೆ ಎಂದರ್ಥ. ‘ಐ ಆಮ್ ಕುಕಿಂಗ್’ ಅಂದಾಗ ಒಲೆ ಹತ್ತಿಸಿ ಆಗಿದೆ, ಅಡುಗೆ ಇನ್ನೂ ಆಗಿಲ್ಲ. ತಿಳಿದಿರುವುದಕ್ಕೆ ಇಂಥ ನಡು ಇಲ್ಲ. ನೀವು ನಿದ್ದೆಯಲ್ಲಿದ್ದಾಗಲೂ ನಿಮ್ಮ ಊರಿನ ಹೆಸರು ನಿಮಗೆ ಗೊತ್ತೇ ಇರುತ್ತದೆ. ಅದಕ್ಕಾಗಿ ನೀವು ಏನನ್ನೂ ಮಾಡುತ್ತಿರುವುದಿಲ್ಲ. ಅದು ಕೆಲಸವಲ್ಲ, ಸ್ಥಿತಿ. ನೋ, ಬಿಲೀವ್, ಓನ್, ಬಿಲಾಂಗ್, ನೀಡ್ ಎಲ್ಲವೂ ಇದೇ ಗುಂಪಿನವು.

ಅನುಮಾನ ಬಂದರೆ ‘ಏನು ಮಾಡ್ತಾ ಇದ್ದೀಯ?’ ಎಂದು ಕೇಳಿಕೊಳ್ಳಿ. ‘ಓಡ್ತಾ ಇದ್ದೀನಿ’ ಅನ್ನಬಹುದು, ‘ಗೊತ್ತಿದ್ದೀನಿ’ ಅನ್ನಲಾಗದು. 1957ರಲ್ಲಿ ಕ್ರಿಯಾಪದಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ ತತ್ವಶಾಸ್ತ್ರಜ್ಞ ಝೆನೋ ವೆಂಡ್ಲರ್ ಕೂಡ ಇದೇ ಪ್ರಶ್ನೆಯಿಂದ ‘ನೋ’ ಪದವನ್ನು ಬೇರೆ ಮಾಡಿ ತೋರಿಸಿದರು.

ಇಷ್ಟು ಹೇಳಿದ ಕೂಡಲೇ ಕೆಲವರು ಪದಗಳ ಪಟ್ಟಿ ಬಾಯಿಪಾಠ ಮಾಡಲು ಹೊರಡುತ್ತಾರೆ. ನಾನು ಬೇಡ ಅಂತೀನಿ. ಒಂದೇ ಪದ ಎರಡೂ ಕಡೆ ಬರುತ್ತದೆ. ಸಂದರ್ಶನದಲ್ಲಿ ‘ಐ ಆಮ್ ಹ್ಯಾವಿಂಗ್ ಫೋರ್ ಇಯರ್ಸ್ ಎಕ್ಸ್‌ಪೀರಿಯೆನ್ಸ್’ ಅಂದರೆ ಸರಿಯಲ್ಲ. ಅನುಭವ ನಿಮ್ಮ ಬಳಿ ಇದೆ, ಹಾಗಾಗಿ ‘ಐ ಹ್ಯಾವ್’. ಆದರೆ ‘ಐ ಆಮ್ ಹ್ಯಾವಿಂಗ್ ಲಂಚ್’ ಪೂರ್ತಿ ಸರಿ. ಅಲ್ಲಿ ‘ಹ್ಯಾವ್’ ಅಂದರೆ ತಿನ್ನುವುದು, ತುತ್ತು ಇನ್ನೂ ಕೈಯಲ್ಲಿದೆ. ‘ಐ ಥಿಂಕ್ ಹಿ ಈಸ್ ರೈಟ್’ ಅಂದರೆ ಅದು ನನ್ನ ಅಭಿಪ್ರಾಯ. ‘ಐ ಆಮ್ ಥಿಂಕಿಂಗ್ ಅಬೌಟ್ ಇಟ್’ ಅಂದರೆ ತಲೆಯಲ್ಲಿ ಯೋಚನೆ ಓಡುತ್ತಿದೆ.

ನನಗೆ ತುಂಬಾ ಇಷ್ಟವಾದ ಜೋಡಿ ಇನ್ನೊಂದಿದೆ. ‘ಹಿ ಈಸ್ ರೂಡ್’ ಅಂದರೆ ಅವನ ಸ್ವಭಾವವೇ ಒರಟು. ‘ಹಿ ಈಸ್ ಬೀಯಿಂಗ್ ರೂಡ್’ ಅಂದರೆ ಈಗ ಸುಮ್ನೆ ಒರಟಾಗಿ ನಡೆದುಕೊಳ್ಳುತ್ತಿದ್ದಾನೆ, ಬೇಕೆಂದರೆ ನಿಲ್ಲಿಸಬಹುದು. ಸ್ಥಿತಿ ಹೇಳುವ ಪದವೂ ‘ಇಂಗ್’ ಸೇರಿದ ಮೇಲೆ ನಡವಳಿಕೆಯಾಯಿತು.

ಭಾರತದ ಇಂಗ್ಲಿಷಿನಲ್ಲಿ ‘ಐ ಆಮ್ ಹ್ಯಾವಿಂಗ್ ಎ ಡೌಟ್’ ಎಷ್ಟೋ ಕಾಲದಿಂದ ಓಡಾಡುತ್ತಿದೆ. ಸಹೋದ್ಯೋಗಿಗಳ ನಡುವೆ ಅದರಿಂದ ಯಾವ ಗೊಂದಲವೂ ಆಗದು. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ, ವಿದೇಶಿ ಕಂಪನಿಗೆ ಬರೆಯುವ ಅರ್ಜಿಯಲ್ಲಿ ಮಾತ್ರ ‘ಐ ಹ್ಯಾವ್ ಎ ಕ್ವೆಶ್ಚನ್’ ಎಂದೇ ಬರೆಯಿರಿ.