ಬ್ರೆಡ್ಡಿನ ಬೂಷ್ಟು ಬಣ್ಣದ ಅಂಚಿಗೇ ಮುಗಿಯುವುದಿಲ್ಲ

ಬ್ರೆಡ್ ಪೊಟ್ಟಣ ತೆರೆದಾಗ ಒಂದು ಸ್ಲೈಸಿನ ಮೂಲೆಯಲ್ಲಿ ಚಿಕ್ಕದೊಂದು ಹಸಿರು ಚುಕ್ಕೆ ಕಂಡರೆ ಬಹಳ ಮಂದಿ ಅಷ್ಟನ್ನು ಕಿತ್ತು ಎಸೆದು ಉಳಿದದ್ದನ್ನು ತಿನ್ನುತ್ತಾರೆ. ಉಳಿದ ಭಾಗ ಬೆಳ್ಳಗಿದೆ, ವಾಸನೆಯಿಲ್ಲ, ರುಚಿಯೂ ಕೆಟ್ಟಿಲ್ಲ, ಮತ್ತೇಕೆ ಹಾಳುಮಾಡಬೇಕು ಎಂಬುದು ಅವರ ವಾದ. ಬಣ್ಣ ಎಲ್ಲಿಗೆ ನಿಂತಿದೆಯೋ ಬೂಷ್ಟೂ ಅಲ್ಲಿಗೇ ನಿಂತಿದೆ ಎಂದು ಹಿಡಿದುಕೊಂಡರೆ ಮಾತ್ರ ಈ ವಾದ ನಿಲ್ಲುತ್ತದೆ. ಆ ನಂಬಿಕೆಯೇ ತಪ್ಪು.

ಬೂಷ್ಟು ಒಂದು ಶಿಲೀಂಧ್ರ. ಅದರ ನಿಜವಾದ ಮೈ ನಮ್ಮ ಕಣ್ಣಿಗೆ ಕಾಣುವ ಹಸಿರು ಪುಡಿಯಲ್ಲ, ಬ್ರೆಡ್ಡಿನೊಳಗೆ ಹರಡಿರುವ ಬಣ್ಣವಿಲ್ಲದ ಎಳೆಗಳು. ಒಂದೊಂದು ಎಳೆಯ ದಪ್ಪ ಸುಮಾರು ಮಿಲಿಮೀಟರಿನ ನೂರನೇ ಒಂದು ಭಾಗ, ಹಲವು ಸಲ ಅದಕ್ಕಿಂತಲೂ ಕಡಿಮೆ. ಒಂಟಿ ಎಳೆ ಬರಿಗಣ್ಣಿಗೆ ಕಾಣುವುದೇ ಇಲ್ಲ. ಈ ಎಳೆಗಳು ತುದಿಯಿಂದ ಬೆಳೆಯುತ್ತವೆ, ಕವಲೊಡೆಯುತ್ತವೆ, ಹೋದಲ್ಲೆಲ್ಲ ಕಿಣ್ವಗಳನ್ನು ಹೊರಕ್ಕೆ ಬಿಟ್ಟು ಬ್ರೆಡ್ಡಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆದು ಹೀರಿಕೊಳ್ಳುತ್ತವೆ. ಬೂಷ್ಟಿಗೆ ಬಾಯಿ, ಹೊಟ್ಟೆ ಎಂದು ಬೇರೆ ಇಲ್ಲ. ಅದು ಹೊರಗೇ ಜೀರ್ಣಿಸಿ ಆಮೇಲೆ ಒಳಗೆ ತೆಗೆದುಕೊಳ್ಳುವ ಜೀವಿ. ಹಾಗಾಗಿ ಊಟವಿರುವ ಕಡೆಗೆ ಅದು ಮೈಯನ್ನೇ ಚಾಚಬೇಕು.

ಬಣ್ಣ ಬರುವುದು ಇದೆಲ್ಲ ಆದ ಮೇಲೆ. ಎಳೆಗಳು ಒಂದು ಜಾಗದಲ್ಲಿ ನೆಲೆಯೂರಿ ಸಾಕಷ್ಟು ತಿಂದ ನಂತರ ಅಲ್ಲಿಂದ ಗಾಳಿಯತ್ತ ಸಣ್ಣ ಕಡ್ಡಿಗಳನ್ನು ಎಬ್ಬಿಸಿ ಅವುಗಳ ತುದಿಯಲ್ಲಿ ಬೀಜಕಗಳನ್ನು ಕಟ್ಟುತ್ತವೆ. ಬ್ರೆಡ್ಡಿಗೆ ಹಿಡಿಯುವ ಬೂಷ್ಟುಗಳಲ್ಲಿ ಪೆನಿಸಿಲಿಯಂ ಎಂಬುದರ ನೀಲಿ ಹಸಿರು, ರೈಜೋಪಸ್ ಎಂಬುದರ ಕರಿ ಚುಕ್ಕೆಗಳು, ಎರಡೂ ಈ ಬೀಜಕಗಳ ಬಣ್ಣ. ಗರಿಕೆಯ ತೆನೆಯನ್ನಷ್ಟೇ ಕತ್ತರಿಸಿ ಗದ್ದೆಯ ಕಳೆ ತೆಗೆದೆ ಎನ್ನುವವನ ಕೆಲಸದಂತೆಯೇ ಹಸಿರು ಚುಕ್ಕೆಯನ್ನಷ್ಟೇ ಕೀಳುವುದು. ಹಬ್ಬುವ ಬಳ್ಳಿ ತೆನೆಗಿಂತ ಮುಂದೆ ಹೋಗಿರುತ್ತದೆ.

ಎಷ್ಟು ಮುಂದೆ? ಒಂದು ಸ್ಲೈಸ್ ಇಟ್ಟುಕೊಂಡು ಲೆಕ್ಕ ಹಾಕೋಣ. ಅದರ ದಪ್ಪ 12 ಮಿ.ಮೀ., ಚುಕ್ಕೆಯ ಅಗಲ 10 ಮಿ.ಮೀ. ಎಂದಿರಲಿ. ಪೆನಿಸಿಲಿಯಂ ನಿಧಾನಿ. ಕೋಣೆಯ ಉಷ್ಣತೆಯಲ್ಲಿ ಅದರ ಅಂಚು ದಿನಕ್ಕೆ 2 ಮಿ.ಮೀ. ಮುಂದೆ ಸಾಗುತ್ತದೆ ಎಂದುಕೊಳ್ಳೋಣ. ಎಳೆ ತಲುಪಿದ ಜಾಗ ಹಸಿರಾಗಲು ಇನ್ನೆರಡು ದಿನ ಬೇಕು ಎಂದೂ ಇಟ್ಟುಕೊಳ್ಳೋಣ. ಆಗ ಹಸಿರಿನ ಸುತ್ತ 4 ಮಿ.ಮೀ. ಅಗಲದ ಪಟ್ಟಿಯೊಂದು ಬೂಷ್ಟಿನಿಂದ ತುಂಬಿದ್ದರೂ ಬೆಳ್ಳಗೇ ಇರುತ್ತದೆ. 10 ಮಿ.ಮೀ. ಕಂಡದ್ದು ವಾಸ್ತವದಲ್ಲಿ 18 ಮಿ.ಮೀ. ಅಗಲ, ಅಂದರೆ ವಿಸ್ತೀರ್ಣದಲ್ಲಿ ಮೂರು ಪಟ್ಟಿಗಿಂತ ಹೆಚ್ಚು. ಬಣ್ಣದ ಅಂಚಿಗೆ ಚಾಕು ಹಾಕುವವರು ಬೂಷ್ಟಿನ ಮೂರನೇ ಒಂದು ಭಾಗವನ್ನೂ ತೆಗೆದಿರುವುದಿಲ್ಲ.

ಇದು ಅಗಲದ ಲೆಕ್ಕ ಮಾತ್ರ, ಆಳ ಬೇರೆ ಇದೆ. ನಡುವಿನಿಂದ ಅಂಚಿಗೆ 9 ಮಿ.ಮೀ. ಹಬ್ಬಲು ನಾಲ್ಕೂವರೆ ದಿನ ಹಿಡಿದಿರುತ್ತದೆ. ಒಳಗೆ ಬೆಳವಣಿಗೆ ಮೇಲಿನದರ ಅರ್ಧ ವೇಗದಲ್ಲಿ ನಡೆದರೂ ಅಷ್ಟು ದಿನಗಳಲ್ಲಿ 4.5 ಮಿ.ಮೀ. ಕೆಳಗಿಳಿದಿರುತ್ತದೆ, ಸ್ಲೈಸಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ರೈಜೋಪಸ್ ಆದರೆ ಈ ಲೆಕ್ಕವೆಲ್ಲ ಬಲು ಚಿಕ್ಕದಾಗುತ್ತದೆ. ಅದು ಪೆನಿಸಿಲಿಯಂಗಿಂತ ಎಷ್ಟೋ ಪಟ್ಟು ವೇಗವಾಗಿ, ಬ್ರೆಡ್ಡಿನ ಮೇಲೆ ಹಾರುಹಾರುತ್ತ ಹಬ್ಬುತ್ತದೆ.

ಬ್ರೆಡ್ಡಿನ ರಚನೆಯೇ ಬೂಷ್ಟಿಗೆ ಅನುಕೂಲ. ಹಿಟ್ಟು ಹುದುಗುವಾಗ ಹುಟ್ಟುವ ಗುಳ್ಳೆಗಳು ಬೇಯುವಾಗ ಒಡೆದು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಬೆಂದ ಬ್ರೆಡ್ಡಿನೊಳಗೆ ಈ ತುದಿಯಿಂದ ಆ ತುದಿಯವರೆಗೆ ಗಾಳಿ ಓಡಾಡುವ ದಾರಿಗಳಿರುತ್ತವೆ. ಬೂಷ್ಟಿಗೆ ಉಸಿರಾಡಲು ಆಮ್ಲಜನಕ ಬೇಕು, ಅದು ಒಳಗೇ ಸಿಗುತ್ತದೆ. ಗೋಡೆಗಳು ಮೆತ್ತಗಿವೆ, ತೇವವಿದೆ, ಪಿಷ್ಟವಿದೆ. ಎಳೆಗಳನ್ನು ತಡೆಯುವಂಥದ್ದು ಏನೂ ಇಲ್ಲ.

ಫ್ರಾನ್ಸಿನ ರೋಕ್‌ಫೋರ್ ಚೀಸ್ ಮಾಡುವವರಿಗೆ ಈ ಗುಣ ತಲೆಮಾರುಗಳಿಂದ ಗೊತ್ತಿದೆ. ಚೀಸಿನೊಳಗಿನ ನೀಲಿ ಗೆರೆಗಳಿಗೆ ಬೇಕಾದ ಪೆನಿಸಿಲಿಯಂ ರೋಕ್‌ಫೋರ್ಟಿಯನ್ನು ಅವರು ಹಿಂದೆ ಬೆಳೆಸುತ್ತಿದ್ದದ್ದು ಬ್ರೆಡ್ಡಿನಲ್ಲೇ. ಇಡೀ ಬ್ರೆಡ್ಡನ್ನು ತೇವದ ಗುಹೆಗಳಲ್ಲಿ ವಾರಗಟ್ಟಲೆ ಬಿಟ್ಟು, ಒಳಭಾಗವೆಲ್ಲ ಬೂಷ್ಟಾದ ಮೇಲೆ ಒಣಗಿಸಿ ಪುಡಿಮಾಡಿ ಚೀಸಿಗೆ ಬಳಸುತ್ತಿದ್ದರು. ಬೂಷ್ಟು ಬ್ರೆಡ್ಡಿನ ಮೇಲ್ಪದರದಲ್ಲಷ್ಟೇ ಉಳಿಯುವಂಥದ್ದಾಗಿದ್ದರೆ ಆ ಕಸುಬೇ ನಡೆಯುತ್ತಿರಲಿಲ್ಲ.

ಗಟ್ಟಿ ಚೀಸ್, ಕ್ಯಾರೆಟ್, ಎಲೆಕೋಸುಗಳಲ್ಲಿ ಬೂಷ್ಟಿನ ಭಾಗ ಕತ್ತರಿಸಿ ಉಳಿದದ್ದನ್ನು ಬಳಸಬಹುದು ಎನ್ನುತ್ತಾರಲ್ಲ, ಅದೂ ನಿಜವೇ. ಅಮೆರಿಕದ ಕೃಷಿ ಇಲಾಖೆ ಅವುಗಳಿಗೆ ಚುಕ್ಕೆಯ ಸುತ್ತಲೂ ಕೆಳಗೂ ಕನಿಷ್ಠ ಒಂದು ಅಂಗುಲ, ಅಂದರೆ ಸುಮಾರು 2.5 ಸೆಂ.ಮೀ. ಬಿಟ್ಟು ಕತ್ತರಿಸಲು, ಚಾಕು ಬೂಷ್ಟಿಗೆ ತಾಗದಂತೆ ನೋಡಿಕೊಳ್ಳಲು ಹೇಳುತ್ತದೆ. ಅದೇ ಇಲಾಖೆ ಬ್ರೆಡ್ಡನ್ನು ಎಸೆಯಿರಿ ಎನ್ನುತ್ತದೆ. ಗಟ್ಟಿ ಚೀಸಿನಲ್ಲಿ ಗಾಳಿಯ ದಾರಿಗಳಿಲ್ಲ, ಎಳೆ ಒತ್ತಿಕೊಂಡು ಹೋಗಬೇಕು, ನಿಧಾನವಾಗುತ್ತದೆ. 12 ಮಿ.ಮೀ. ದಪ್ಪದ ಸ್ಲೈಸಿನಲ್ಲಿ 25 ಮಿ.ಮೀ. ಆಳಕ್ಕೆ ಕತ್ತರಿಸುವುದಾದರೂ ಎಲ್ಲಿ?

ಪಕ್ಕದ ಸ್ಲೈಸುಗಳ ಕಥೆ ಬೇರೆ. ಒಲೆಯಿಂದ ಹೊರಬಂದ ಬ್ರೆಡ್ಡಿನಲ್ಲಿ ಜೀವಂತ ಬೂಷ್ಟಿನ ಬೀಜಕ ಇರುವುದಿಲ್ಲ, ಆ ಶಾಖಕ್ಕೆ ಅವು ಸಾಯುತ್ತವೆ. ಆರಿಸುವಾಗ, ಕತ್ತರಿಸುವಾಗ, ಪೊಟ್ಟಣಕ್ಕೆ ತುಂಬುವಾಗ ಗಾಳಿಯಿಂದ, ಯಂತ್ರದ ಅಲಗಿನಿಂದ ಹೊಸದಾಗಿ ಬಂದು ಕೂರುತ್ತವೆ. ಬೂಷ್ಟು ತಾನಾಗಿ ಹುಟ್ಟುತ್ತದೆ, ಹಳಸಿದ ಪದಾರ್ಥವೇ ಬೂಷ್ಟಾಗಿ ಬದಲಾಗುತ್ತದೆ ಎಂದು ಶತಮಾನಗಳ ಕಾಲ ಜನ ನಂಬಿದ್ದರು. ಇಟಲಿಯ ಸಸ್ಯವಿಜ್ಞಾನಿ ಪಿಯರ್ ಆಂಟೋನಿಯೊ ಮಿಕೇಲಿ ಬೂಷ್ಟಿನ ಪುಡಿಯನ್ನು ಕರಬೂಜದ ಹೋಳುಗಳ ಮೇಲೆ ಬಿತ್ತಿ, ಬಿತ್ತಿದ ಬಗೆಯ ಬೂಷ್ಟೇ ಅಲ್ಲಿ ಬೆಳೆಯುವುದನ್ನು ನೋಡಿ 1729ರಲ್ಲಿ ಪ್ರಕಟಿಸಿದರು. ಆ ಪುಡಿ ಬೀಜದ ಕೆಲಸ ಮಾಡುತ್ತದೆ ಎಂದು ತೋರಿಸಿಕೊಟ್ಟದ್ದು ಆ ಪ್ರಯೋಗ. ಇಷ್ಟು ಹಳೆಯ ಸಂಗತಿ ಇಂದಿಗೂ ಮನೆಮಾತಾಗಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಯಾಕೆಂದರೆ ಒಂದು ಸ್ಲೈಸಿನ ಮೇಲೆ ಬೀಜಕ ಬಿದ್ದ ಹೊತ್ತಿನಲ್ಲೇ ಉಳಿದವುಗಳ ಮೇಲೂ ಬಿದ್ದಿರಬಹುದು, ಅವು ಇನ್ನೂ ಮೊಳೆಯುತ್ತಿರಬಹುದು. ಜೊತೆಗೆ, ಮಾಗಿದ ಹಸಿರು ಚುಕ್ಕೆಯಿರುವ ಪೊಟ್ಟಣವನ್ನು ಪ್ರತಿ ಸಲ ಎತ್ತಿ ಅಲುಗಾಡಿಸಿದಾಗಲೂ ಬೀಜಕಗಳು ಉದುರಿ ಪೊಟ್ಟಣದ ತುಂಬ ಹರಡುತ್ತವೆ. ಕಂಡದ್ದು ಒಂದೇ ಚುಕ್ಕೆ ಎಂದರೆ ಬೇಗ ಮೊಳೆತದ್ದು ಅದು ಎಂದಷ್ಟೇ ಅರ್ಥ.

ಎಳೆಗಳನ್ನು ತಿಂದರೆ ಆಗುವುದಾದರೂ ಏನು? ಆರೋಗ್ಯವಂತರಿಗೆ ಒಂದು ತುತ್ತಿನಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಗೊತ್ತಿಲ್ಲದೆ ತಿಂದವರು ಹೆದರಿ ವಾಂತಿ ಮಾಡಿಕೊಳ್ಳಬೇಕಿಲ್ಲ. ಹೊಟ್ಟೆನೋವು, ವಾಂತಿ, ಉಸಿರಾಟದ ತೊಂದರೆ ಕಾಣಿಸಿಕೊಂಡರೆ ವೈದ್ಯರ ಬಳಿ ಹೋಗಬೇಕು. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ, ಬೂಷ್ಟಿನ ಅಲರ್ಜಿ ಅಥವಾ ಆಸ್ತಮಾ ಇರುವವರಿಗೆ ಈ ಭರವಸೆ ಅನ್ವಯಿಸದು. ಬೂಷ್ಟಿರುವ ಬ್ರೆಡ್ಡನ್ನು ಮೂಗಿಗೆ ಹಿಡಿದು ವಾಸನೆ ನೋಡುವ ಅಭ್ಯಾಸವನ್ನು ಯಾರೂ ಇಟ್ಟುಕೊಳ್ಳಬಾರದು, ಒಂದೇ ಉಸಿರಿಗೆ ರಾಶಿ ಬೀಜಕಗಳು ಒಳಗೆ ಹೋಗುತ್ತವೆ.

ನಿಜವಾದ ಚಿಂತೆ ಬೂಷ್ಟು ಮಾಡುವ ವಿಷಗಳದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ತಿಳಿಯದೆ ಅದನ್ನು ಟರ್ಕಿ ಎಕ್ಸ್ ರೋಗ ಎಂದು ಕರೆದರು. ಹುಡುಕುತ್ತ ಹೋದಾಗ ಮೇವಿನಲ್ಲಿದ್ದ ಬ್ರೆಜಿಲ್‌ನ ಕಡಲೆಕಾಯಿ ಹಿಂಡಿ ಸಿಕ್ಕಿತು, ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಮಾಡಿದ ವಿಷ ಸಿಕ್ಕಿತು. ಅದೇ ಅಫ್ಲಾಟಾಕ್ಸಿನ್. ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಖಚಿತವಾಗಿರುವ ವಸ್ತು ಅದು. ಬ್ರೆಡ್ಡಿನ ಮೇಲೆ ಬರುವ ಬೂಷ್ಟೆಲ್ಲ ಇಂಥ ವಿಷ ಮಾಡುವುದಿಲ್ಲ, ಮಾಡಬಲ್ಲದ್ದೂ ಪ್ರತಿ ಸಲ ಮಾಡುವುದಿಲ್ಲ. ಆದರೆ ಯಾವ ಜಾತಿ ಬೆಳೆದಿದೆ, ವಿಷ ಮಾಡಿದೆಯೇ ಎಂದು ಬಣ್ಣ ನೋಡಿ ಹೇಳಲು ಶಿಲೀಂಧ್ರ ತಜ್ಞರಿಗೂ ಆಗದು. ಎಳೆಗಳು ಬಿಟ್ಟ ವಿಷ ಬ್ರೆಡ್ಡಿನ ತೇವದಲ್ಲಿ ಎಳೆಗಳಿಗಿಂತ ಆಚೆಗೂ ಇಳಿಯಬಹುದು. ಒಂದು ದಿನದ ಒಂದು ಚೂರಿಗಿಂತ, ವರ್ಷಗಟ್ಟಲೆ ಚುಕ್ಕೆ ಕಿತ್ತು ತಿನ್ನುತ್ತ ಬರುವ ರೂಢಿಯೇ ನನಗೆ ಹೆಚ್ಚು ಆತಂಕ ತರುವುದು.

ಕೆಲವರು ಟೋಸ್ಟ್ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಬಿಸಿಗೆ ಬೂಷ್ಟು ಸಾಯಬಹುದು, ವಿಷ ಸಾಯುವುದಿಲ್ಲ, ಅದು ಜೀವಿಯಲ್ಲ, ರಾಸಾಯನಿಕ. ಅಫ್ಲಾಟಾಕ್ಸಿನ್‌ನ ಮುಖ್ಯ ಬಗೆ ಕರಗುವುದಕ್ಕೇ 260 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಟೋಸ್ಟಿನ ಒಳಭಾಗ ತೇವ ಇರುವವರೆಗೆ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ.

ಇನ್ನೊಂದು ಮಾತು ಇನ್ನೂ ಹೆಚ್ಚು ಕೇಳಿಬರುತ್ತದೆ: ಪೆನಿಸಿಲಿನ್ ಬಂದದ್ದೇ ಬೂಷ್ಟಿನಿಂದ, ತಿಂದರೆ ಔಷಧಿಯಂತೆ. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಬೂಷ್ಟು ಬೆಳೆದದ್ದು ಬ್ಯಾಕ್ಟೀರಿಯಾ ಸಾಕಿದ್ದ ಗಾಜಿನ ತಟ್ಟೆಯಲ್ಲಿ. ಪೆನಿಸಿಲಿಯಂ ಕುಲದಲ್ಲಿ ನೂರಾರು ಜಾತಿಗಳಿವೆ. ಪೆನಿಸಿಲಿನ್ ಮಾಡುವವು ಅವುಗಳಲ್ಲಿ ಕೆಲವೇ, ವಿಷ ಮಾಡುವವೂ ಅದೇ ಕುಲದಲ್ಲಿವೆ. ಔಷಧಿ ಮಾಡುವ ಬೂಷ್ಟೂ ಅದನ್ನು ಎಷ್ಟು ಕಡಿಮೆ ಕೊಡುತ್ತಿತ್ತೆಂದರೆ, 1941ರಲ್ಲಿ ಆಕ್ಸ್‌ಫರ್ಡಿನ ತಂಡ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಚಿಕಿತ್ಸೆ ನೀಡುವಾಗ ಅವನ ಮೂತ್ರದಿಂದಲೇ ಪೆನಿಸಿಲಿನ್ ಮರಳಿ ತೆಗೆದು ಚುಚ್ಚಿತು. ಅವನು ಚೇತರಿಸಿಕೊಳ್ಳುತ್ತಿದ್ದ, ಆದರೂ ಔಷಧಿ ಮುಗಿದು ಸತ್ತ. ವಿಜ್ಞಾನಿಗಳು ಕಷ್ಟಪಟ್ಟು ಶುದ್ಧಮಾಡಿದ ಔಷಧಿ ಬ್ರೆಡ್ಡಿನ ಚುಕ್ಕೆಯಲ್ಲಿ ಪುಕ್ಕಟೆ ಸಿಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವುದು ಅಪಾಯಕಾರಿ.

ಆದ್ದರಿಂದ ಕತ್ತರಿಸಿಟ್ಟ ಬ್ರೆಡ್ಡಿನ ಒಂದು ಸ್ಲೈಸಿನಲ್ಲಿ ಬೂಷ್ಟು ಕಂಡರೆ ಇಡೀ ಪೊಟ್ಟಣ ಹೋಗಬೇಕು. ಕೊಡವದೆ, ಬಾಯಿ ಬಿಗಿದು ಹಾಗೇ ಹೊರಹಾಕಿ. ನಾಯಿಗೆ, ದನಕ್ಕೆ ಹಾಕುವುದೂ ಬೇಡ, ಬೂಷ್ಟಿನ ಕೆಲವು ವಿಷಗಳಿಗೆ ನಾಯಿಗಳಲ್ಲಿ ನಡುಕ, ಸೆಳವು ಬರುತ್ತವೆ. ಬ್ರೆಡ್ ಇಟ್ಟಿದ್ದ ಡಬ್ಬಿಯನ್ನು ಬಿಸಿನೀರು, ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ, ಮೂಲೆಯಲ್ಲುಳಿದ ತುಣುಕಿನಲ್ಲಿ ಬೀಜಕ ಕಾದು ಕೂತಿರುತ್ತದೆ. ಎರಡು ಮೂರು ದಿನದಲ್ಲಿ ಮುಗಿಯದಷ್ಟು ಬ್ರೆಡ್ ಇದ್ದರೆ ತಾಜಾ ಇರುವಾಗಲೇ ಫ್ರೀಜರಿಗೆ ಹಾಕಿ, ಬೇಕಾದಷ್ಟೇ ಸ್ಲೈಸ್ ತೆಗೆಯಿರಿ. ಅಲ್ಲಿ ಬೀಜಕ ಸಾಯುವುದಿಲ್ಲ, ಆದರೆ ಮೊಳೆಯುವುದೂ ಇಲ್ಲ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟರೆ ಬೂಷ್ಟು ತಡವಾಗಿ ಬರುತ್ತದೆ, ಅಷ್ಟರಲ್ಲಿ ಬ್ರೆಡ್ ಮಾತ್ರ ಬೇಗ ಗಟ್ಟಿಯಾಗಿ ರುಚಿ ಕೆಡುತ್ತದೆ.