ಸಿಲ್ವರ್ ಬ್ರೋಮೈಡ್ ಅಮೋನಿಯಾದಲ್ಲಿ ಕರಗುತ್ತದೆಯೇ?

ಲವಣ ವಿಶ್ಲೇಷಣೆಯ ಕೈಪಿಡಿಗಳಲ್ಲಿ ಸಿಲ್ವರ್ ಕ್ಲೋರೈಡ್ ಅಮೋನಿಯಾದಲ್ಲಿ ಕರಗುತ್ತದೆ, ಬ್ರೋಮೈಡ್ ಭಾಗಶಃ ಕರಗುತ್ತದೆ, ಅಯೋಡೈಡ್ ಕರಗುವುದಿಲ್ಲ ಎಂದಿರುತ್ತದೆ. ಈ 'ಭಾಗಶಃ' ಎಂಬುದು ಪ್ರನಾಳದಲ್ಲಿ ಎಷ್ಟು ಪ್ರಕ್ಷೇಪವಿದೆ, ನಾವು ಎಂತಹ ಅಮೋನಿಯಾ ಸುರಿದೆವು ಎಂಬುದನ್ನು ಅವಲಂಬಿಸಿದೆ ಎನ್ನುವುದನ್ನು ಮಾತ್ರ ಅವು ಹೇಳುವುದಿಲ್ಲ.

ನೀರಿನಲ್ಲಿ ಸಿಲ್ವರ್ ಕ್ಲೋರೈಡಿನ ವಿಲೀನತಾ ಗುಣಲಬ್ಧ 1.8 × 10⁻¹⁰. ಅಂದರೆ ಒಂದು ಲೀಟರಿನಲ್ಲಿ ಕರಗುವುದು ಎರಡು ಮಿಲಿಗ್ರಾಮಿಗೂ ತುಸು ಕಡಿಮೆ. ಅಮೋನಿಯಾ ಈ ಗುಣಲಬ್ಧವನ್ನು ಬದಲಿಸುವುದಿಲ್ಲ. ಕರಗಿದ ಸಿಲ್ವರ್ ಅಯಾನನ್ನು ಎರಡು ಅಮೋನಿಯಾ ಅಣುಗಳು ಹಿಡಿದು ಸಂಕೀರ್ಣ ಅಯಾನನ್ನಾಗಿ ಮಾಡುವುದರಿಂದ ದ್ರಾವಣದಲ್ಲಿ ಮುಕ್ತ ಸಿಲ್ವರ್ ಅಯಾನು ಕಡಿಮೆಯಾಗಿ, ಆ ಕೊರತೆಯನ್ನು ತುಂಬಲು ಘನವು ಮತ್ತಷ್ಟು ಕರಗುತ್ತದೆ:

AgCl + 2NH₃ ⇌ [Ag(NH₃)₂]⁺ + Cl⁻

ಈ ಸಂಕೀರ್ಣದ ರಚನಾ ಸ್ಥಿರಾಂಕ ಸುಮಾರು 1.7 × 10⁷. ಇದನ್ನು ವಿಲೀನತಾ ಗುಣಲಬ್ಧದಿಂದ ಗುಣಿಸಿದರೆ ಒಟ್ಟು ಕ್ರಿಯೆಯ ಸಮತೋಲನ ಸ್ಥಿರಾಂಕ 3.1 × 10⁻³ ಬರುತ್ತದೆ. ಕರಗುವ ಪ್ರಮಾಣ x ಆಗಿರಲಿ. 1 ಮೋಲಾರ್ ಅಮೋನಿಯಾದಲ್ಲಿ x/(1 − 2x) ಎಂಬುದು ಈ ಸ್ಥಿರಾಂಕದ ವರ್ಗಮೂಲವಾದ 0.055ಕ್ಕೆ ಸಮ. ಆದ್ದರಿಂದ x ಸುಮಾರು 0.05 ಮೋಲಾರ್, ಅಂದರೆ ಲೀಟರಿಗೆ ಏಳು ಗ್ರಾಂ.

ಬ್ರೋಮೈಡಿಗೂ ಇದೇ ಲೆಕ್ಕ. ಅದರ ಗುಣಲಬ್ಧ 5 × 10⁻¹³ ಆದುದರಿಂದ x ಕೇವಲ 0.0029 ಮೋಲಾರ್. ಪ್ರನಾಳದಲ್ಲಿ 0.1 ಮಿಲಿಮೋಲ್ ಪ್ರಕ್ಷೇಪವಿದೆ ಎಂದುಕೊಳ್ಳೋಣ. ಅದು ಕ್ಲೋರೈಡಾಗಿದ್ದರೆ 1 ಮೋಲಾರ್ ಅಮೋನಿಯಾ 2 ಮಿ.ಲೀ. ಸಾಕು, ಬ್ರೋಮೈಡಾಗಿದ್ದರೆ 34 ಮಿ.ಲೀ. ಬೇಕು, ಅಷ್ಟು ಸಾಮಾನ್ಯ ಪ್ರನಾಳದಲ್ಲಿ ಹಿಡಿಯುವುದೇ ಇಲ್ಲ. ಆದರೆ ಬಾಟಲಿಯ ಸಾಂದ್ರ ಅಮೋನಿಯಾ ಸುಮಾರು 15 ಮೋಲಾರ್ ಇರುತ್ತದೆ. ಅಷ್ಟು ಸಾಂದ್ರತೆಯಲ್ಲಿ ಲೆಕ್ಕ ಅಂದಾಜಷ್ಟೇ ಆದರೂ, ಅದೇ ಬ್ರೋಮೈಡಿಗೆ ಎರಡೂವರೆ ಮಿ.ಲೀ. ಸಾಕಾಗುತ್ತದೆ. ಪ್ರಕ್ಷೇಪದ ತಿಳಿಹಳದಿ ಛಾಯೆಯನ್ನು ಗಮನಿಸದೆ ನೇರವಾಗಿ ಸಾಂದ್ರ ಅಮೋನಿಯಾ ಸುರಿದ ವಿದ್ಯಾರ್ಥಿ ಅದನ್ನು ಕ್ಲೋರೈಡ್ ಎಂದು ಬರೆಯುವುದು ಇದರಿಂದಲೇ. ಅಯೋಡೈಡಿನಲ್ಲಿ ಈ ಗೊಂದಲವಿಲ್ಲ: ಸಾಂದ್ರ ಅಮೋನಿಯಾದಲ್ಲೂ ಅಷ್ಟೇ ಪ್ರಮಾಣಕ್ಕೆ ನೂರೈವತ್ತು ಮಿ.ಲೀ.ಗೂ ಹೆಚ್ಚು ಬೇಕು.

ವಿರುದ್ಧ ದಿಕ್ಕಿನ ತಪ್ಪೂ ಆಗುತ್ತದೆ. ಪ್ರಕ್ಷೇಪ ಬರಿಸುವಾಗ ಹಾಕಿದ ನೈಟ್ರಿಕ್ ಆಮ್ಲ ಉಳಿದಿದ್ದರೆ ಮೊದಲ ಹನಿಗಳ ಅಮೋನಿಯಾವೆಲ್ಲ ಅಮೋನಿಯಮ್ ಅಯಾನಾಗುತ್ತದೆ. ಅದಕ್ಕೆ ಬೆಳ್ಳಿಯನ್ನು ಹಿಡಿಯುವ ಶಕ್ತಿಯಿಲ್ಲದ ಕಾರಣ ಕ್ಲೋರೈಡ್ ಕೂಡ ಹಾಗೆಯೇ ಕುಳಿತಿರುತ್ತದೆ. ಮೇಲಿನ ದ್ರವವನ್ನು ಬಸಿದು, ಪ್ರಕ್ಷೇಪವನ್ನು ಒಮ್ಮೆ ತೊಳೆದು, ಆಮೇಲೆ ದುರ್ಬಲ ಅಮೋನಿಯಾವನ್ನು ಹನಿಹನಿಯಾಗಿ ಹಾಕಿದರೆ ಎರಡೂ ತಪ್ಪುಗಳು ತಪ್ಪುತ್ತವೆ. ಕರಗಿದ ದ್ರಾವಣಕ್ಕೆ ಮತ್ತೆ ನೈಟ್ರಿಕ್ ಆಮ್ಲ ಹಾಕಿದಾಗ ಸಂಕೀರ್ಣ ಒಡೆದು ಬಿಳಿ ಪ್ರಕ್ಷೇಪ ಮರಳಿ ಬರಬೇಕು. ಈ ಆಮ್ಲೀಕರಣವನ್ನು ನಾನು ಕಡ್ಡಾಯ ಮಾಡಿರುವುದಕ್ಕೆ ಇನ್ನೊಂದು ಕಾರಣವಿದೆ: ಅಮೋನಿಯಾ ಬೆರೆತ ಬೆಳ್ಳಿಯ ದ್ರಾವಣವನ್ನು ಹಾಗೆಯೇ ಇಟ್ಟರೆ ಕಾಲಾಂತರದಲ್ಲಿ ಸ್ಫೋಟಕ ಸಿಲ್ವರ್ ನೈಟ್ರೈಡ್ ಉಂಟಾಗಬಹುದು. ಆದ್ದರಿಂದ ಪ್ರಯೋಗ ಮುಗಿದ ದಿನವೇ ಅದನ್ನು ಆಮ್ಲೀಯಗೊಳಿಸಿ ಬೆಳ್ಳಿಯ ತ್ಯಾಜ್ಯದ ಬಾಟಲಿಗೆ ಸೇರಿಸಬೇಕು.